ಆಕ್ಸಿಡೈಸ್ಡ್ ಸಿಲ್ವರ್, ಜರ್ಮನ್ ಸಿಲ್ವರ್: ಇವುಗಳಲ್ಲಿ ಬೆಳ್ಳಿ ಎಷ್ಟಿದೆ? ಎಷ್ಟು ಕೊಟ್ಟರೆ ನ್ಯಾಯ?

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದರೆ ಸಾಕು, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಓಡಾಡಲು ಶುರುವಾಗುತ್ತವೆ. ಒಂದು, "ಪ್ಯೂರ್ ಆಕ್ಸಿಡೈಸ್ಡ್ ಸಿಲ್ವರ್ ಆಭರಣ, ಅಂಗಡಿಗಿಂತ ಅರ್ಧ ಬೆಲೆ" ಎಂಬ ಜಾಹೀರಾತು. ಇನ್ನೊಂದು, "ಅಸಲಿ ಬೆಳ್ಳಿ ಗುರುತಿಸಲು ಮೂರು ಸುಲಭ ಉಪಾಯ" ಎಂಬ ಫಾರ್ವರ್ಡ್. ಅದರಲ್ಲಿ ಅಯಸ್ಕಾಂತ ಹಿಡಿಯಿರಿ, ಐಸ್ ಇಡಿ, ಕಪ್ಪಾದರೆ ನಕಲಿ ಎಂದಿರುತ್ತದೆ. ಮೊದಲನೆಯದನ್ನು ನಂಬಿ ಕೊಂಡವರು ಎರಡನೆಯದನ್ನು ನೋಡಿ ಪರೀಕ್ಷೆ ಮಾಡಿ, "ಸದ್ಯ, ಅಸಲಿಯೇ" ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ತೊಂದರೆ ಇರುವುದು ಅಲ್ಲೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಒಂದು ಚೂರೂ ಇಲ್ಲ. ಆಕ್ಸಿಡೈಸ್ಡ್ ಎಂಬುದು ಲೋಹದ ಹೆಸರಲ್ಲ, ಮೇಲ್ಮೈಗೆ ಕೊಟ್ಟ ಕಪ್ಪು ಬಣ್ಣದ ಹೆಸರು. ಅದರ ಕೆಳಗೆ ಬೆಳ್ಳಿ ಇರಬಹುದು, ಹಿತ್ತಾಳೆ ಇರಬಹುದು, ಜರ್ಮನ್ ಸಿಲ್ವರೂ ಇರಬಹುದು. ಇವೆರಡನ್ನೂ ಕೊಳ್ಳುವುದು ತಪ್ಪೇನಲ್ಲ. ಬೆಳ್ಳಿಯ ಬೆಲೆ ಕೊಟ್ಟು ಅವನ್ನು ಕೊಳ್ಳುವುದು ಮಾತ್ರ ನಷ್ಟ. ಆ ನಷ್ಟ ತಪ್ಪಿಸಲು ರಸಾಯನ ವಿಜ್ಞಾನ ಗೊತ್ತಿರಬೇಕಿಲ್ಲ, ಒಂದು ತಕ್ಕಡಿ ಮತ್ತು ಒಂದು ಗುಣಾಕಾರ ಸಾಕು. ಹೇಗೆ ಎಂದು ನೋಡೋಣ.

ಜರ್ಮನ್ ಸಿಲ್ವರ್: ಹೆಸರಿನಲ್ಲಷ್ಟೇ ಬೆಳ್ಳಿ

ಜರ್ಮನ್ ಸಿಲ್ವರ್ ಎಂದರೆ ತಾಮ್ರ, ನಿಕಲ್ ಮತ್ತು ಸತುವಿನ ಮಿಶ್ರಲೋಹ. ಪ್ರಮಾಣದಲ್ಲಿ ಹೆಚ್ಚುಕಡಿಮೆ ಇರುತ್ತದೆ. ಸಾಮಾನ್ಯವಾಗಿ ನೂರು ಗ್ರಾಂನಲ್ಲಿ ಸುಮಾರು 60 ಗ್ರಾಂ ತಾಮ್ರ, ಉಳಿದದ್ದು ನಿಕಲ್ ಮತ್ತು ಸತು. ತಾಮ್ರ ಕೆಂಪಗಿದ್ದರೂ ನಿಕಲ್ ಸೇರಿದಾಗ ಆ ಕೆಂಪು ಮಾಯವಾಗಿ ಲೋಹ ಬೆಳ್ಳಗಾಗುತ್ತದೆ. ಹೀಗಾಗಿ ನೋಡಲು ಬೆಳ್ಳಿಯಂತೆಯೇ ಕಾಣುತ್ತದೆ, ಬೆಳ್ಳಿಗಿಂತ ಗಟ್ಟಿಯೂ ಹೌದು.

ಹೆಸರು ಬಂದ ಕಥೆ ಚಿಕ್ಕದು. ಇಂಥ ಬಿಳಿ ಮಿಶ್ರಲೋಹವನ್ನು ಚೀನಾದವರು ಬಹಳ ಹಿಂದಿನಿಂದಲೂ ಮಾಡುತ್ತಿದ್ದರು. ಅದು ಯುರೋಪಿಗೆ ಹೋದಾಗ ಅಲ್ಲಿನವರು ನಕಲು ಮಾಡಲು ಯತ್ನಿಸಿದರು. 1823ರ ಸುಮಾರಿಗೆ ಜರ್ಮನಿಯಲ್ಲಿ ಅದನ್ನು ತಯಾರಿಸುವ ವಿಧಾನ ಕೈಗೂಡಿತು. ಅಲ್ಲಿಂದ ಜಗತ್ತಿಗೆಲ್ಲ ಹರಡಿದ್ದರಿಂದ 'ಜರ್ಮನ್ ಸಿಲ್ವರ್' ಆಯಿತು. ಚಮಚ, ತಟ್ಟೆ, ಸಂಗೀತ ವಾದ್ಯಗಳಿಗೆ ಇಂದಿಗೂ ಬಳಕೆಯಲ್ಲಿರುವ ಒಳ್ಳೆಯ ಲೋಹ ಇದು. ಮೋಸಕ್ಕೆಂದೇ ಹುಟ್ಟಿದ್ದಲ್ಲ.

ನಮ್ಮಲ್ಲಿ ಇದನ್ನು ಹೆಚ್ಚಾಗಿ ಕಾಣುವುದು ಗೃಹಪ್ರವೇಶ, ಸೀಮಂತಗಳಲ್ಲಿ ತಾಂಬೂಲದ ಜೊತೆ ಕೊಡುವ ಕುಂಕುಮದ ಬಟ್ಟಲು, ಪುಟ್ಟ ತಟ್ಟೆ, ದೀಪಗಳಲ್ಲಿ. ಲಂಬಾಣಿ ಶೈಲಿಯ ಹಾರ, ಕಡಗ, ದೊಡ್ಡ ಜುಮುಕಿಗಳೂ ಈಗ ಬಹುಪಾಲು ಇಂಥ ಬಿಳಿ ಲೋಹದಲ್ಲೇ ಬರುತ್ತವೆ. ಹಿಂದೆ ತಾಂಡಾಗಳಲ್ಲಿ ಬೆಳ್ಳಿಯಲ್ಲಿ ಮಾಡಿಸಿಕೊಳ್ಳುತ್ತಿದ್ದ ಆಭರಣಗಳ ವಿನ್ಯಾಸ ಉಳಿದಿದೆ, ಲೋಹ ಬದಲಾಗಿದೆ.

ಆಕ್ಸಿಡೈಸ್ಡ್: ಇದು ಬಣ್ಣದ ಮಾತು

ಬೆಳ್ಳಿ ಗಾಳಿಯಲ್ಲಿ ಕಪ್ಪಾಗುವುದು ಆಮ್ಲಜನಕದಿಂದಲ್ಲ, ಗಂಧಕದಿಂದ. ಗಾಳಿಯಲ್ಲಿ, ಬೆವರಿನಲ್ಲಿ, ಮೊಟ್ಟೆ ಈರುಳ್ಳಿಯಂಥ ಪದಾರ್ಥಗಳಲ್ಲಿ, ರಬ್ಬರಿನಲ್ಲಿ ಗಂಧಕದ ಅಂಶವಿರುತ್ತದೆ. ಅದು ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪದರವಾಗುತ್ತದೆ. ಕುಶಲಕರ್ಮಿಗಳು ಇದೇ ಕೆಲಸವನ್ನು ಬೇಕೆಂದೇ, ಬೇಗನೆ ಮಾಡುತ್ತಾರೆ. ಗಂಧಕದ ಲವಣ ಕರಗಿಸಿದ ಬಿಸಿ ನೀರಿನಲ್ಲಿ ಒಡವೆಯನ್ನು ಅದ್ದಿದರೆ ನಿಮಿಷಗಳಲ್ಲಿ ಅದು ಪೂರ್ತಿ ಕಪ್ಪಾಗುತ್ತದೆ. ಆಮೇಲೆ ಉಬ್ಬಿದ ಭಾಗಗಳನ್ನು ಉಜ್ಜಿ ಹೊಳಪು ತರುತ್ತಾರೆ, ತಗ್ಗುಗಳಲ್ಲಿ ಕಪ್ಪು ಉಳಿಯುತ್ತದೆ. ದೇವರ ಮುಖ, ಹೂಬಳ್ಳಿಗಳ ಕೆತ್ತನೆ ಎದ್ದು ಕಾಣುವುದು ಇದರಿಂದಲೇ. ವ್ಯಾಪಾರದಲ್ಲಿ ಇದಕ್ಕೆ 'ಆಕ್ಸಿಡೈಸ್ಡ್' ಎಂಬ ಹೆಸರು ನಿಂತುಬಿಟ್ಟಿದೆ, ನಿಜದಲ್ಲಿ ಆಗಿರುವುದು ಆಕ್ಸೈಡ್ ಅಲ್ಲ.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಈ ಕಪ್ಪು ಬಣ್ಣವನ್ನು ಬೆಳ್ಳಿಗೆ ಮಾತ್ರವಲ್ಲ, ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್, ಅಗ್ಗದ ಸತುವಿನ ಎರಕಕ್ಕೂ ಬೇರೆ ಬೇರೆ ರಾಸಾಯನಿಕಗಳಿಂದ ತರಬಹುದು. ಕಡಿಮೆ ಬೆಲೆಯ ಒಡವೆಗಳಲ್ಲಿ ಕೆಳಗೆ ಹಿತ್ತಾಳೆ, ಮೇಲೆ ತೆಳು ಬಿಳಿ ಲೇಪ, ಅದರ ಮೇಲೆ ಕಪ್ಪು. ಆದ್ದರಿಂದ "ಇದು ಪ್ಯೂರ್ ಆಕ್ಸಿಡೈಸ್ಡ್ ಸಿಲ್ವರ್" ಎಂದು ಯಾರಾದರೂ ಹೇಳಿದರೆ ಆ ಮಾತಿಗೆ ಅರ್ಥವೇ ಇಲ್ಲ. ಕೇಳಬೇಕಾದ ಪ್ರಶ್ನೆ, "ಕಪ್ಪಿನ ಕೆಳಗೆ ಯಾವ ಲೋಹ ಇದೆ? ಬೆಳ್ಳಿಯಾದರೆ ಎಷ್ಟು ಟಚ್?"

ಆನ್‌ಲೈನ್‌ನಲ್ಲಿ ಕೊಳ್ಳುವವರು ದೊಡ್ಡ ಅಕ್ಷರದ ಶೀರ್ಷಿಕೆ ಬಿಟ್ಟು ಕೆಳಗಿನ ವಿವರಗಳಿಗೆ ಹೋಗಬೇಕು. ಅಲ್ಲಿ Base Metal ಎಂಬ ಸಾಲಿನಲ್ಲಿ Alloy, Brass ಅಥವಾ German Silver ಎಂದಿದ್ದು, Plating ಎಂಬ ಸಾಲಿನಲ್ಲಿ Oxidised Silver ಎಂದಿದ್ದರೆ ಅದು ಬೆಳ್ಳಿಯ ಒಡವೆಯಲ್ಲ. Silver-Toned ಎಂದರೆ ಬರೀ ಬೆಳ್ಳಿಯ ಬಣ್ಣ. ಬೆಳ್ಳಿಯೇ ಆಗಿದ್ದರೆ 925 ಅಥವಾ 92.5 ಎಂದು ಲೋಹದ ಸಾಲಿನಲ್ಲೇ ಬರೆದಿರಬೇಕು, ತೂಕವನ್ನೂ ಗ್ರಾಂನಲ್ಲಿ ಕೊಟ್ಟಿರಬೇಕು. ಬೆಳ್ಳಿ ಮಾರುವವರು ತೂಕ ಮುಚ್ಚಿಡುವುದಿಲ್ಲ.

ಅಸಲಿ ಬೆಳ್ಳಿ ಎಂದರೆ ಎಷ್ಟು ಅಸಲಿ?

ಶುದ್ಧ ಬೆಳ್ಳಿ ತೀರಾ ಮೃದು. ಅದಕ್ಕೆ ಸ್ವಲ್ಪ ತಾಮ್ರ ಬೆರೆಸದೆ ಗಟ್ಟಿಮುಟ್ಟಾದ ಒಡವೆ ಮಾಡುವುದು ಕಷ್ಟ. ಸಾವಿರ ಭಾಗದಲ್ಲಿ 925 ಭಾಗ ಬೆಳ್ಳಿ ಇದ್ದರೆ ಅದು 925 ಅಥವಾ ಸ್ಟರ್ಲಿಂಗ್ ಬೆಳ್ಳಿ. ನಮ್ಮ ಭಾರತೀಯ ಮಾನಕ ಬ್ಯೂರೋ 800, 835, 900, 925, 970, 990 ಮುಂತಾದ ದರ್ಜೆಗಳನ್ನು ಒಪ್ಪುತ್ತದೆ. ಅಂದರೆ 800 ಎಂದಿದ್ದರೂ ಅದು ಬೆಳ್ಳಿಯೇ, ಆದರೆ ಐದನೇ ಒಂದು ಭಾಗ ಬೇರೆ ಲೋಹ. ಬೆಲೆ ಕಟ್ಟುವಾಗ ಆ ಭಾಗವನ್ನು ಕಳೆಯಬೇಕು.

ಒಡವೆಯ ಮೇಲೆ 925 ಎಂದು ಒತ್ತಿರುವುದೇ ಹಾಲ್‌ಮಾರ್ಕ್ ಎಂದು ಬಹಳ ಜನ ತಿಳಿದಿದ್ದಾರೆ. ಅದು ಬರೀ ತಯಾರಕರ ಮುದ್ರೆ. ಅಂಥ ಅಚ್ಚನ್ನು ಯಾರು ಬೇಕಾದರೂ ಕೊಂಡು ಜರ್ಮನ್ ಸಿಲ್ವರ್ ಮೇಲೂ ಒತ್ತಬಹುದು. ನಿಜವಾದ ಹಾಲ್‌ಮಾರ್ಕ್‌ನಲ್ಲಿ ಮಾನಕ ಬ್ಯೂರೋದ ತ್ರಿಕೋನದ ಚಿಹ್ನೆ, SILVER ಎಂಬ ಪದ, ದರ್ಜೆಯ ಸಂಖ್ಯೆ ಇರುತ್ತವೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಆರು ಅಕ್ಷರ–ಅಂಕಿಗಳ HUID ಸಂಖ್ಯೆ ಬಂದಿದೆ. ಮೊಬೈಲ್‌ನಲ್ಲಿ BIS Care ಆ್ಯಪ್ ತೆರೆದು Verify HUID ಒತ್ತಿ ಆ ಸಂಖ್ಯೆ ಹಾಕಿದರೆ ಒಡವೆ ಯಾವುದು, ಎಷ್ಟು ಶುದ್ಧ ಎಂಬ ವಿವರ ಬರುತ್ತದೆ. ಬಂದ ವಿವರ ನಿಮ್ಮ ಕೈಯಲ್ಲಿರುವ ಒಡವೆಗೆ ಹೊಂದಬೇಕು. ಉಂಗುರದ ಸಂಖ್ಯೆ ಕಡಗದ ಮೇಲೆ ಇದ್ದರೆ ಅದು ಎಲ್ಲಿಂದಲೋ ನಕಲು ಮಾಡಿದ್ದು.

ಒಂದು ಮಾತು ನೆನಪಿರಲಿ. ಬೆಳ್ಳಿಗೆ ಈ ವ್ಯವಸ್ಥೆ ಜಾರಿಗೆ ಬಂದದ್ದು ಐಚ್ಛಿಕವಾಗಿ, ಚಿನ್ನದಂತೆ ಕಡ್ಡಾಯವಾಗಿ ಅಲ್ಲ. ಹಾಗಾಗಿ ಹಾಲ್‌ಮಾರ್ಕ್ ಇಲ್ಲದ ಒಡವೆಯೆಲ್ಲ ನಕಲಿ ಎನ್ನಲಾಗದು. ಇಲ್ಲದಿದ್ದಾಗ ಪರೀಕ್ಷೆಯ ಹೊಣೆ ನಮ್ಮ ಮೇಲೆ ಬೀಳುತ್ತದೆ, ಅಷ್ಟೆ.

ಫಾರ್ವರ್ಡ್ ಹೇಳುವ ಮೂರು ಉಪಾಯಗಳು

*ಅಯಸ್ಕಾಂತ.* "ಅಂಟದಿದ್ದರೆ ಅಸಲಿ ಬೆಳ್ಳಿ" ಎನ್ನುತ್ತದೆ ಫಾರ್ವರ್ಡ್. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂಬುದು ನಿಜ. ಆದರೆ ತಾಮ್ರ, ಹಿತ್ತಾಳೆ, ಸತು ಕೂಡ ಅಂಟುವುದಿಲ್ಲ. ನಿಕಲ್ ಒಂದೇ ಇದ್ದಾಗ ಅಂಟುತ್ತದಾದರೂ ತಾಮ್ರದ ಜೊತೆ ಬೆರೆತು ಜರ್ಮನ್ ಸಿಲ್ವರ್ ಆದಾಗ ಆ ಗುಣ ಹೊರಟುಹೋಗುತ್ತದೆ. ಹೀಗಾಗಿ ಈ ಪರೀಕ್ಷೆ ಹಿಡಿಯುವುದು ಕಬ್ಬಿಣ, ಉಕ್ಕಿನ ಒಡವೆಯನ್ನು ಮಾತ್ರ. ಅಂಟಿದರೆ ಬೆಳ್ಳಿಯಲ್ಲ ಎನ್ನಬಹುದು, ಅದೂ ಕೊಂಡಿಯ ಒಳಗಿನ ಸ್ಪ್ರಿಂಗ್ ಬಿಟ್ಟು ಬೇರೆ ಕಡೆ ಅಂಟಿದರೆ. ಅಂಟದಿದ್ದರೆ ಏನೂ ಗೊತ್ತಾದಂತಾಗಲಿಲ್ಲ.

*ಐಸ್.* ಲೋಹಗಳಲ್ಲೆಲ್ಲ ಬೆಳ್ಳಿಯೇ ಶಾಖವನ್ನು ಅತಿ ವೇಗವಾಗಿ ಸಾಗಿಸುತ್ತದೆ, ಆದ್ದರಿಂದ ಅದರ ಮೇಲಿಟ್ಟ ಐಸ್ ಬೇಗ ಕರಗುತ್ತದೆ. ವಿಜ್ಞಾನ ಸರಿಯಿದೆ. ಆದರೆ ತಾಮ್ರವೂ ಅದಕ್ಕೆ ತೀರಾ ಹತ್ತಿರದಲ್ಲಿದೆ. ಬೆಳ್ಳಿ ಲೇಪದ ತಾಮ್ರದ ತಟ್ಟೆ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಇನ್ನು ಜುಮುಕಿ, ಸರದಂಥ ತೆಳು ಒಡವೆಯಲ್ಲಿ ಐಸ್ ತಾಗುವ ಜಾಗವೇ ಕಡಿಮೆ. ಕರಗುವ ವೇಗವನ್ನು ಕಣ್ಣಳತೆಯಲ್ಲಿ ಹೋಲಿಸುವುದು ಆಗದ ಕೆಲಸ.

*ಕಪ್ಪಾದರೆ ನಕಲಿ.* ಇದು ಪೂರ್ತಿ ತಿರುವುಮುರುವು. ಕಪ್ಪಾಗುವುದು ಬೆಳ್ಳಿಯ ಸ್ವಭಾವ. ಅಜ್ಜಿಯ ಪೆಟ್ಟಿಗೆಯ ಬೆಳ್ಳಿ ಲೋಟ ಕಪ್ಪಾಗಿರುವುದು ಅದು ಬೆಳ್ಳಿಯಾದ್ದರಿಂದಲೇ. "ದೇಹದ ವಿಷ, ಕೆಟ್ಟ ದೃಷ್ಟಿ ಹೀರಿ ಕಾಲ್ಗೆಜ್ಜೆ ಕಪ್ಪಾಗುತ್ತದೆ" ಎಂಬ ಇನ್ನೊಂದು ಸಂದೇಶಕ್ಕೂ ಆಧಾರವಿಲ್ಲ. ಪೆಟ್ಟಿಗೆಯಲ್ಲಿ ಯಾರೂ ಮುಟ್ಟದೆ ಇಟ್ಟ ಗೆಜ್ಜೆಯೂ ಕಪ್ಪಾಗುತ್ತದೆ. ಮೈ ಹಸಿರಾಗುವುದು ತಾಮ್ರದ ಗುರುತು, ಜರ್ಮನ್ ಸಿಲ್ವರ್ ಮತ್ತು ಹಿತ್ತಾಳೆಯಲ್ಲಿ ಇದು ಹೆಚ್ಚು. ಆದರೆ 925 ಬೆಳ್ಳಿಯಲ್ಲೂ ಸ್ವಲ್ಪ ತಾಮ್ರ ಇರುವುದರಿಂದ ಜೋರಾಗಿ ಬೆವರುವವರಿಗೆ ತುಸು ಹಸಿರು ಕಾಣಬಹುದು. ಹಸಿರನ್ನು ಅನುಮಾನಕ್ಕೆ ಕಾರಣ ಎನ್ನಬಹುದು, ತೀರ್ಪು ಎನ್ನಬಾರದು.

ಮನೆಯಲ್ಲೇ ಮಾಡಬಹುದಾದ ನೀರಿನ ಪರೀಕ್ಷೆ

ನಮ್ಮ ತಂಡದವರೊಬ್ಬರು ಕರಕುಶಲ ಮೇಳವೊಂದರಲ್ಲಿ ಕಪ್ಪು ಕೆತ್ತನೆಯ ಗಟ್ಟಿ ಕಡಗವೊಂದನ್ನು ₹2,800 ಕೊಟ್ಟು ತಂದಿದ್ದರು. ಬಿಲ್ಲಿನಲ್ಲಿ "ಆಕ್ಸಿಡೈಸ್ಡ್ ಸಿಲ್ವರ್ ಕಡಾ – 1" ಎಂದಷ್ಟೇ ಇತ್ತು. ತೂಕವಿಲ್ಲ, ಶುದ್ಧತೆಯಿಲ್ಲ. ಒಳಭಾಗದಲ್ಲಿ 925 ಮುದ್ರೆ ಮಾತ್ರ ಇತ್ತು. ಅಯಸ್ಕಾಂತಕ್ಕೆ ಅಂಟಲಿಲ್ಲ. ನಾವು ಅದನ್ನು ತೂಗಿ ನೋಡಿದೆವು.

ಇದಕ್ಕೆ ಬೇಕಾದ್ದು 0.1 ಗ್ರಾಂವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಲೋಟ ನೀರು, ಒಂದು ನೂಲು. ಒಂದೊಂದೇ ಗ್ರಾಂ ತೋರಿಸುವ ಅಡುಗೆಮನೆಯ ತಕ್ಕಡಿ ಸಾಲದು.

ಮೊದಲು ಒಡವೆಯನ್ನು ಹಾಗೇ ತೂಗಬೇಕು. ನಮ್ಮ ಕಡಗ 38.4 ಗ್ರಾಂ ಇತ್ತು. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಬೇಕು. ಈಗ ಕಡಗವನ್ನು ನೂಲಿಗೆ ಕಟ್ಟಿ, ಲೋಟದ ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ನೀರಿನಲ್ಲಿ ಮುಳುಗಿಸಿ ಕೈಯಲ್ಲಿ ಹಿಡಿದುಕೊಳ್ಳಬೇಕು. ಆಗ ತಕ್ಕಡಿ ತೋರಿಸುವುದು ಒಡವೆಯ ತೂಕವಲ್ಲ, ಒಡವೆ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಒಂದು ಗ್ರಾಂ ನೀರು ಒಂದು ಮಿಲಿಲೀಟರ್ ಆದ್ದರಿಂದ ಅದೇ ಒಡವೆಯ ಗಾತ್ರ. ನಮ್ಮ ತಕ್ಕಡಿ 4.4 ತೋರಿಸಿತು.

ಇನ್ನು ಭಾಗಾಕಾರ. 38.4 ಅನ್ನು 4.4ರಿಂದ ಭಾಗಿಸಿದರೆ ಸುಮಾರು 8.7. ಅಂದರೆ ಈ ಲೋಹ ನೀರಿಗಿಂತ 8.7 ಪಟ್ಟು ಭಾರ. 925 ಬೆಳ್ಳಿಯಾಗಿದ್ದರೆ ಈ ಸಂಖ್ಯೆ 10.3ರ ಹತ್ತಿರ ಬರಬೇಕಿತ್ತು, ತಕ್ಕಡಿ 4.4ರ ಬದಲು 3.7 ತೋರಿಸಬೇಕಿತ್ತು. 8.4ರಿಂದ 9ರೊಳಗೆ ಬರುವುದು ಹಿತ್ತಾಳೆ, ಜರ್ಮನ್ ಸಿಲ್ವರ್, ತಾಮ್ರದಂಥ ಲೋಹಗಳು. ಸತುವಿನ ಅಗ್ಗದ ಎರಕವಾದರೆ 7ರ ಆಸುಪಾಸಿಗೆ ಇಳಿಯುತ್ತದೆ. ಕಪ್ಪು ಪದರ ತೀರಾ ತೆಳು, ಅದರಿಂದ ಈ ಲೆಕ್ಕ ಕೆಡುವುದಿಲ್ಲ.

ಈ ಪರೀಕ್ಷೆಗೂ ಮಿತಿಗಳಿವೆ. ಕಲ್ಲು, ಮುತ್ತು, ಅರಗು ಇರುವ ಒಡವೆಗೆ, ಒಳಗೆ ಪೊಳ್ಳಾಗಿರುವ ಬಳೆ, ಜುಮುಕಿಗೆ ಇದು ನಡೆಯುವುದಿಲ್ಲ, ಅಸಲಿ ಬೆಳ್ಳಿಯನ್ನೂ ನಕಲಿ ಎಂದು ತೋರಿಸುತ್ತದೆ. ನೀರಿನೊಳಗೆ ಒಡವೆಗೆ ಗುಳ್ಳೆ ಅಂಟಿದ್ದರೂ ಹಾಗೆಯೇ. ಐದಾರು ಗ್ರಾಂನ ಉಂಗುರದಲ್ಲಿ ವ್ಯತ್ಯಾಸ 0.1 ಗ್ರಾಂ ಆಸುಪಾಸಿನಲ್ಲಷ್ಟೇ ಇರುವುದರಿಂದ ತಕ್ಕಡಿಗೆ ಸರಿಯಾಗಿ ಸಿಗುವುದಿಲ್ಲ. 800 ಬೆಳ್ಳಿಯ ಸಂಖ್ಯೆ ಸುಮಾರು 10.1, 925ರದ್ದು 10.3. ಇವೆರಡನ್ನು ಬೇರ್ಪಡಿಸುವುದು ಮನೆಯ ತಕ್ಕಡಿಯ ಕೈಲಾಗದು. ಜೊತೆಗೆ ಸೀಸ ಬೆಳ್ಳಿಗಿಂತ ಭಾರ, ಅದನ್ನು ಬೆರೆಸಿ ಸಂಖ್ಯೆ ಸರಿದೂಗಿಸಲೂಬಹುದು. ಒಟ್ಟಿನಲ್ಲಿ, ಪೊಳ್ಳಿಲ್ಲದ, ಕಲ್ಲಿಲ್ಲದ ಒಡವೆ 9ಕ್ಕಿಂತ ಕೆಳಗೆ ಬಂದರೆ ಬೆಳ್ಳಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು. 10 ದಾಟಿದರೆ ಬೆಳ್ಳಿ ಇರಬಹುದು, ಖಚಿತಪಡಿಸಿಕೊಳ್ಳಲು ಅಂಗಡಿಗೆ ಹೋಗಬೇಕು.

ನಾವೂ ಹೋದೆವು. ಪರಿಚಯದ ಅಕ್ಕಸಾಲಿಗರು ಕಡಗದ ಒಳಭಾಗದಲ್ಲಿ ಅರದಿಂದ ಒಂದು ಚೂರು ಕೆರೆದು, ಆ ಜಾಗವನ್ನು ಒರೆಗಲ್ಲಿಗೆ ಉಜ್ಜಿ, ಬೆಳ್ಳಿ ಪರೀಕ್ಷೆಯ ಆಮ್ಲದ ಹನಿ ಬಿಟ್ಟರು. ಬೆಳ್ಳಿಯಾದರೆ ಗೆರೆ ರಕ್ತದಂತೆ ಕೆಂಪಾಗಬೇಕು. ಇದು ಆಗಲಿಲ್ಲ. ಮೊದಲು ಕೆರೆದದ್ದೇಕೆ ಎಂದು ಕೇಳಿದೆವು. "ಮೇಲಿನ ಲೇಪ ಉಜ್ಜಿದರೆ ಲೇಪದ್ದೇ ಉತ್ತರ ಬರುತ್ತದೆ ಸ್ವಾಮಿ, ಒಳಗಿನದ್ದು ಬರುವುದಿಲ್ಲ" ಎಂದರು. ಈಗ ಅಂಗಡಿಗಳಲ್ಲಿರುವ ಎಕ್ಸ್‌ರೇ ಯಂತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಓದುವುದು ಮೇಲ್ಪದರವನ್ನು. ದಪ್ಪ ಲೇಪವಿದ್ದರೆ ಒಳಗೆ ಹಿತ್ತಾಳೆ ಇದ್ದರೂ ಪರದೆಯ ಮೇಲೆ ಬೆಳ್ಳಿಯ ಪ್ರಮಾಣ ಹೆಚ್ಚಾಗಿ ತೋರಬಹುದು. ಕಾಣದ ಜಾಗದಲ್ಲಿ ಸ್ವಲ್ಪ ಕೆರೆದು ತೋರಿಸಲು ಹೇಳಿ. ಈ ಆಮ್ಲ ಚರ್ಮ ಸುಡುತ್ತದೆ, ಮನೆಯಲ್ಲಿ ಪ್ರಯೋಗ ಬೇಡ.

ಹಾಗಾದರೆ ಎಷ್ಟು ಕೊಡಬೇಕು?

ನಿಜ ಹೇಳಬೇಕೆಂದರೆ ನಮ್ಮ ಕಡಗವನ್ನು ನೀರಿಗೆ ಹಾಕುವ ಅಗತ್ಯವೇ ಇರಲಿಲ್ಲ. ಬೆಲೆಯೇ ಗುಟ್ಟು ಬಿಟ್ಟುಕೊಟ್ಟಿತ್ತು.

ಬೆಳ್ಳಿಯ ದರ ದಿನವೂ ಬದಲಾಗುತ್ತದೆ. ಲೆಕ್ಕ ಸುಲಭವಾಗಲಿ ಎಂದು ಶುದ್ಧ ಬೆಳ್ಳಿ ಗ್ರಾಂಗೆ ₹200 ಎಂದು ಇಟ್ಟುಕೊಳ್ಳೋಣ. ನೀವು ಓದುವ ದಿನದ ದರವನ್ನು ಆ ಜಾಗದಲ್ಲಿ ಹಾಕಿಕೊಳ್ಳಿ. 38.4 ಗ್ರಾಂನ 925 ಕಡಗದಲ್ಲಿರುವ ಬೆಳ್ಳಿಯ ಬೆಲೆ ಹೀಗೆ ಬರುತ್ತದೆ:

38.4 × 0.925 × 200 = ₹7,104

ಇದು ಬರೀ ಲೋಹದ ಬೆಲೆ. ಮಜೂರಿ, ತೆರಿಗೆ, ಅಂಗಡಿಯ ಲಾಭ ಏನೂ ಸೇರಿಲ್ಲ. ₹7,104ರ ಲೋಹವನ್ನು ಒಬ್ಬ ವ್ಯಾಪಾರಿ ₹2,800ಕ್ಕೆ ಏಕೆ ಮಾರುತ್ತಾನೆ? ಕರಗಿಸಿ ಮಾರಿದರೂ ಅವನಿಗೆ ಅದಕ್ಕಿಂತ ಹೆಚ್ಚು ಸಿಗುತ್ತದಲ್ಲ? "ಅಂಗಡಿಗಿಂತ ಅರ್ಧ ಬೆಲೆಗೆ ಬೆಳ್ಳಿ" ಎಂಬ ಯಾವ ಸಂದೇಶ ಬಂದರೂ ಮೊದಲು ಮಾಡಬೇಕಾದ್ದು ಈ ಒಂದು ಗುಣಾಕಾರ. ತೂಕ, ಶುದ್ಧತೆ, ದರ ಮೂರನ್ನೂ ಗುಣಿಸಿದಾಗ ಬಂದ ಮೊತ್ತಕ್ಕಿಂತ ಕೇಳುತ್ತಿರುವ ಬೆಲೆ ಕಡಿಮೆಯಿದ್ದರೆ ಅದು ಹೇಳಿದಷ್ಟು ಶುದ್ಧ ಬೆಳ್ಳಿಯಲ್ಲ.

ನಿಜವಾದ 925 ಕಡಗಕ್ಕೆ ಎಷ್ಟಾಗುತ್ತಿತ್ತು? ಸರಳ ಕೆಲಸಕ್ಕೆ ಮಜೂರಿ ಲೋಹದ ಬೆಲೆಯ 20 ಶೇಕಡಾ ಎಂದುಕೊಂಡರೆ ₹1,421. ಎರಡೂ ಸೇರಿ ₹8,525. ಅದರ ಮೇಲೆ 3 ಶೇಕಡಾ ಜಿಎಸ್‌ಟಿ ₹256. ಒಟ್ಟು ಸುಮಾರು ₹8,780. ಕೈಕೆತ್ತನೆಯ ಸೂಕ್ಷ್ಮ ಕೆಲಸವಾದರೆ ಮಜೂರಿ ಇದಕ್ಕಿಂತ ಬಹಳ ಹೆಚ್ಚಿರಬಹುದು, ಅದು ಕಲೆಗಾರನ ದುಡಿಮೆ. ಆದರೆ ಮಾರಲು ಹೋದಾಗ ವಾಪಸ್ಸು ಬರುವುದು ಲೋಹದ ಬೆಲೆ ಮಾತ್ರ, ಮಜೂರಿ ಮತ್ತು ತೆರಿಗೆ ಬರುವುದಿಲ್ಲ ಎಂಬುದನ್ನು ಕೊಳ್ಳುವ ದಿನವೇ ಲೆಕ್ಕಕ್ಕೆ ಹಿಡಿಯಬೇಕು. ಹಗುರ ಒಡವೆಗಳಲ್ಲಿ ಈ ಪಾಲು ದೊಡ್ಡದು. 8 ಗ್ರಾಂನ 925 ಜುಮುಕಿಯಲ್ಲಿ ಇದೇ ದರಕ್ಕೆ ಬೆಳ್ಳಿ ಇರುವುದು ₹1,480ರಷ್ಟು. ಅದಕ್ಕೆ ₹4,000 ಕೊಟ್ಟರೆ ಅರ್ಧಕ್ಕಿಂತ ಹೆಚ್ಚು ಹಣ ವಿನ್ಯಾಸಕ್ಕೆ ಹೋಯಿತು. ಇಷ್ಟವಾಗಿ ಕೊಂಡರೆ ಅದು ಮೋಸವಲ್ಲ, ಉಳಿತಾಯ ಎಂದು ಕೊಂಡರೆ ತಪ್ಪು ಲೆಕ್ಕ.

ಈಗ ಅದೇ ಕಡಗ ಜರ್ಮನ್ ಸಿಲ್ವರ್ ಎಂದುಕೊಳ್ಳೋಣ. ತಾಮ್ರ, ನಿಕಲ್, ಸತು ಇವೆಲ್ಲ ಕಿಲೋ ಲೆಕ್ಕದಲ್ಲಿ ಬಿಕರಿಯಾಗುವ ಲೋಹಗಳು. ಮಿಶ್ರಲೋಹಕ್ಕೆ ಕಿಲೋಗೆ ₹1,200 ಎಂದು ಧಾರಾಳವಾಗಿಯೇ ಹಿಡಿದರೂ 38.4 ಗ್ರಾಂಗೆ ಆಗುವುದು ₹46. ಮೇಲೆ ಬೆಳ್ಳಿಯ ಲೇಪ ಇದ್ದರೆ? ಕಡಗದ ಮೇಲ್ಮೈ 30 ಚದರ ಸೆಂಟಿಮೀಟರ್, ಲೇಪದ ದಪ್ಪ 5 ಮೈಕ್ರಾನ್ ಎಂದುಕೊಂಡರೆ ಅದರಲ್ಲಿರುವ ಬೆಳ್ಳಿ ಸುಮಾರು 0.16 ಗ್ರಾಂ. ಬೆಲೆ ₹32. ಅಂದರೆ ಲೋಹ, ಲೇಪ ಎರಡೂ ಸೇರಿ ₹100 ದಾಟಲಿಲ್ಲ.

ಹಾಗೆಂದು ಅದನ್ನು ₹100ಕ್ಕೆ ಕೊಡಿ ಎಂದು ಕೇಳುವುದು ನ್ಯಾಯವಲ್ಲ. ಅಚ್ಚು, ಎರಕ, ಪಾಲಿಶ್, ಕಪ್ಪು ಕೊಡುವುದು, ಸಾಗಾಟ, ಬಾಡಿಗೆ, ಲಾಭ ಎಲ್ಲ ಇದೆ. ಅಚ್ಚಿನಲ್ಲಿ ಸಾಲಾಗಿ ತಯಾರಾದ ಇಂಥ ಕಡಗಕ್ಕೆ ₹250ರಿಂದ ₹500 ನಮ್ಮ ಲೆಕ್ಕದಲ್ಲಿ ಸರಿಯಾದ ಬೆಲೆ. ಕೈಯಲ್ಲಿ ಕೆತ್ತಿದ್ದು, ಕಲ್ಲು ಕೂರಿಸಿದ್ದು ಆದರೆ ಸಾವಿರ ದಾಟಬಹುದು, ಆಗ ನೀವು ಕೊಡುವುದು ಕೆಲಸದ ಬೆಲೆ. ಜರ್ಮನ್ ಸಿಲ್ವರ್‌ಗೆ 'ಗ್ರಾಂಗೆ ಇಷ್ಟು' ಎಂದು ದರ ಹೇಳಿದರೆ ಎಚ್ಚರವಾಗಿ. ಬೆಳ್ಳಿಯ ಭಾಷೆಯಲ್ಲಿ ಮಾತನಾಡಿ ಬೆಳ್ಳಿ ಎಂಬ ಭಾವನೆ ಹುಟ್ಟಿಸುವ ರೀತಿ ಅದು. "ನಾಲ್ಕು ವರ್ಷ ಬಿಟ್ಟು ಬಂದರೂ ಅರ್ಧ ಬೆಲೆಗೆ ವಾಪಸ್ ತಗೋತೀವಿ" ಎಂಬ ಭರವಸೆಗೂ ಬಿಲ್ಲಿನಲ್ಲಿ ಬರಹ ಇರಬೇಕು. ಏಕೆಂದರೆ ಬೇರೆ ಯಾವ ಬೆಳ್ಳಿ ಅಂಗಡಿಯೂ ಅದನ್ನು ತೆಗೆದುಕೊಳ್ಳುವುದಿಲ್ಲ.

₹2,800 ಎಂಬುದು ಬಹಳ ಜಾಣತನದ ಬೆಲೆ ಎಂದು ನಮಗೆ ಅನಿಸಿದ್ದು ಇದಕ್ಕೇ. ಬೆಳ್ಳಿಗೆ ಅದು ಅಸಾಧ್ಯವಾದಷ್ಟು ಕಡಿಮೆ, ಜರ್ಮನ್ ಸಿಲ್ವರ್‌ಗೆ ಕನಿಷ್ಠ ಐದು ಪಟ್ಟು ಹೆಚ್ಚು. ಕೊಳ್ಳುವವರಿಗೆ ಮಾತ್ರ "ಒಳ್ಳೆ ವ್ಯಾಪಾರ ಆಯಿತು" ಎನಿಸುತ್ತದೆ.

ಚರ್ಮ ಮತ್ತು ಪಂಚಾಮೃತ

ಬೆಲೆ ಸರಿಯಾಗಿದ್ದರೂ ಜರ್ಮನ್ ಸಿಲ್ವರ್ ಎಲ್ಲರಿಗೂ ಒಗ್ಗುವುದಿಲ್ಲ. ಅದರಲ್ಲಿರುವ ನಿಕಲ್ ಕೆಲವರ ಚರ್ಮಕ್ಕೆ ಅಲರ್ಜಿ ಉಂಟುಮಾಡುತ್ತದೆ. ಒಡವೆ ತಾಗುವ ಜಾಗದಲ್ಲೇ ತುರಿಕೆ, ಕೆಂಪು, ಸಣ್ಣ ಗುಳ್ಳೆ ಕಾಣಿಸುತ್ತವೆ. ಒಮ್ಮೆ ಅಲರ್ಜಿ ಶುರುವಾದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಆಮೇಲೆ ಗಡಿಯಾರದ ಪಟ್ಟಿ, ಜೀನ್ಸ್ ಗುಂಡಿ ತಾಗಿದರೂ ತುರಿಕೆ ಬರಬಹುದು. ಹೊಸದಾಗಿ ಚುಚ್ಚಿದ ಕಿವಿ, ಮೂಗಿಗೆ ಇದನ್ನು ಹಾಕಲೇಬಾರದು. ಯುರೋಪಿನಲ್ಲಿ ಚುಚ್ಚಿದ ಜಾಗಕ್ಕೆ ಹಾಕುವ ಒಡವೆ ಎಷ್ಟು ನಿಕಲ್ ಬಿಡಬಹುದು ಎಂಬುದಕ್ಕೆ ಕಾನೂನಿನ ಮಿತಿಯೇ ಇದೆ. ಮಕ್ಕಳ ಬಾಯಿಗೆ ಸಿಗುವ ಉಡಿದಾರ, ಕಡಗಕ್ಕೂ ಇಂಥ ಲೋಹ ಬೇಡ.

ಜರ್ಮನ್ ಸಿಲ್ವರ್ ತಟ್ಟೆಯಲ್ಲಿ ಹೂವು, ಅಕ್ಷತೆ, ಕುಂಕುಮ ಇಡಲು ಅಡ್ಡಿಯಿಲ್ಲ. ಮೊಸರು ಬೆರೆತ ಪಂಚಾಮೃತ, ನಿಂಬೆಹಣ್ಣಿನ ಪಾನಕದಂಥ ಹುಳಿ ಪದಾರ್ಥ ಮಾತ್ರ ಹೊತ್ತುಗಟ್ಟಲೆ ಬೇಡ. ಹುಳಿಗೆ ತಾಮ್ರ, ನಿಕಲ್ ಬಿಟ್ಟುಕೊಳ್ಳುತ್ತವೆ.

ಇನ್ನೊಂದು ಫಾರ್ವರ್ಡ್ ಬಗ್ಗೆ ಒಂದು ಮಾತು. ಅಲ್ಯೂಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿ ನೀರಿನಲ್ಲಿ ಬೆಳ್ಳಿ ಅದ್ದಿದರೆ ಕಪ್ಪು ಹೋಗುತ್ತದೆ ಎಂಬುದು ನಿಜ. ಸಾದಾ ಬೆಳ್ಳಿ ಲೋಟಕ್ಕೆ ಅದು ಒಳ್ಳೆಯ ಉಪಾಯ. ಆದರೆ ಬೇಕೆಂದೇ ಕಪ್ಪು ಮಾಡಿದ ಆಕ್ಸಿಡೈಸ್ಡ್ ಬೆಳ್ಳಿಯನ್ನು ಅದರಲ್ಲಿ ಹಾಕಿದರೆ ಕೆತ್ತನೆಯ ಕಪ್ಪೂ ಹೊರಟುಹೋಗಿ ನೀವು ದುಡ್ಡು ಕೊಟ್ಟ ಅಂದವೇ ಹಾಳಾಗುತ್ತದೆ. ಅದಕ್ಕೆ ಒಣ ಮೆತ್ತನೆಯ ಬಟ್ಟೆಯೇ ಸಾಕು.

ಬಿಲ್ಲಿನಲ್ಲಿ ಬರೆಸಿಕೊಳ್ಳಿ

ಬಾಯಿಮಾತಿನ 'ಸಿಲ್ವರ್' ಎಂಬ ಪದ ಎಲ್ಲಿಗೂ ಎಳೆಯುತ್ತದೆ, ಬಿಲ್ಲಿನಲ್ಲಿ ಬರೆದದ್ದು ಎಳೆಯುವುದಿಲ್ಲ. ಬೆಳ್ಳಿ ಎಂದು ಕೊಂಡರೆ ಲೋಹ, ದರ್ಜೆ, ನಿವ್ವಳ ತೂಕ, ಆ ದಿನದ ದರ, ಮಜೂರಿ ಇವು ಬೇರೆ ಬೇರೆ ಸಾಲಿನಲ್ಲಿರಲಿ. "92.5 ಎಂದು ಬರೆದುಕೊಡಿ" ಎಂದು ಕೇಳಿದಾಗ ಮಾರುವವರು "ಅದೆಲ್ಲ ಬೇಡ ಮೇಡಂ, ಗ್ಯಾರಂಟಿ ನಮ್ಮದು" ಎಂದರೆ ಉತ್ತರ ಸಿಕ್ಕಿತು ಎಂದೇ ಅರ್ಥ. ಬರೆದುಕೊಟ್ಟೂ ಮೋಸವಾಗಿದ್ದರೆ ಆ ಬಿಲ್ಲು ಹಿಡಿದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಗ್ರಾಹಕ ಆಯೋಗಕ್ಕೂ ಹೋಗಬಹುದು.

ನಮ್ಮ ಕಡಗದ ಬಿಲ್ಲಿನಲ್ಲಿ ಹಾಗೆ ಏನೂ ಇರಲಿಲ್ಲ. "ಆಕ್ಸಿಡೈಸ್ಡ್ ಸಿಲ್ವರ್" ಎಂಬ ಎರಡು ಪದ ಹಿಡಿದು ವಾದಿಸುವುದು ಕಷ್ಟ, ಮೇಳದ ಮಳಿಗೆಯೂ ಅಷ್ಟರಲ್ಲಿ ಎತ್ತಿಯಾಗಿತ್ತು. ಕಡಗ ಈಗಲೂ ಅವರ ಕೈಯಲ್ಲಿದೆ, ಚೆನ್ನಾಗಿಯೂ ಕಾಣುತ್ತದೆ. ಯಾರಾದರೂ "ಬೆಳ್ಳಿಯದ್ದಾ?" ಎಂದು ಕೇಳಿದರೆ ಅವರು ಹೇಳುವುದು, "ಅಲ್ಲ, ಬೆಳ್ಳಿ ಬಣ್ಣದ್ದು. ಪಾಠದ ಫೀಸು ಮಾತ್ರ ಎರಡು ಸಾವಿರದ ಎಂಟುನೂರು."